ಅಪ್ಪನ ಎಫ್‌ಡಿ ಮತ್ತು ಅಜ್ಜಿಯ ಹೆಬ್ಬೆಟ್ಟು

"ನಾಮಿನಿ ಇಲ್ಲ ಅಂದ್ಮೇಲೆ ಕೋರ್ಟೇ ಗತಿ ಮಾರಾಯ" ಎಂದು, ತೀರಿಹೋದ ಅಪ್ಪನ ಎಫ್‌ಡಿ ಬಿಡಿಸುವ ಮಾತು ಬಂದಾಗ ಭಾವ ಹೇಳಿದ್ದರು. ಕಾರವಾರದ ವಕೀಲರೊಬ್ಬರು ಇಪ್ಪತ್ತೈದು ಸಾವಿರದ ಲೆಕ್ಕವನ್ನೂ ಕೊಟ್ಟಿದ್ದರು. ಕೊನೆಗೆ ನನಗೆ ಖರ್ಚಾಗಿದ್ದು ಬಾಂಡ್, ನೋಟರಿ, ಬಸ್ಸು ಎಲ್ಲಾ ಸೇರಿ ಎರಡು ಸಾವಿರದ ಒಳಗೆ.

ಅಪ್ಪನಿಗೆ ಎಫ್‌ಡಿ ಇತ್ತು ಅಂತ ಗೊತ್ತಿತ್ತು, ಎಲ್ಲಿ ಅಂತ ಗೊತ್ತಿರಲಿಲ್ಲ. ರಸೀದಿ ಮೇಲ್‌ನಲ್ಲಿರಬಹುದು ಅಂದುಕೊಂಡೆ. ಅವರ ಸಿಮ್ ಬಂದ್ ಮಾಡಿಸಿದ್ದು ನನ್ನದೇ ದಡ್ಡತನ, ಓಟಿಪಿ ಬರುವ ದಾರಿಯೇ ಹೋಯಿತು. ತೀರಿಹೋದವರ ಖಾತೆಗೆಂದು ಗೂಗಲ್‌ನ ಅರ್ಜಿ ಇದೆ. ಮರಣ ಪತ್ರ, ನನ್ನ ಗುರುತಿನ ಚೀಟಿ ಹಾಕಿದೆ. ಆದರೆ ಪಾಸ್‌ವರ್ಡನ್ನು ಅವರು ಯಾರಿಗೂ ಕೊಡುವುದಿಲ್ಲ, ಒಳಗಿನ ಮೇಲ್ ಕೊಡುವುದೂ ಕೆಲವು ಸಲ ಮಾತ್ರ. ಕಾಯುತ್ತಾ ಕೂರದೆ ಬೇರೆ ದಾರಿ ಹಿಡಿದೆ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಅಪ್ಪನ ವಾರಸುದಾರ ಎಂದು ನೋಂದಾಯಿಸಿಕೊಂಡು ಅವರ ವರ್ಷದ ಆದಾಯದ ವಿವರವಿರುವ AIS ಪಟ್ಟಿ ತೆಗೆದೆ. ಬಡ್ಡಿ ಕೊಟ್ಟ ಬ್ಯಾಂಕಿನ ಹೆಸರು ಅಲ್ಲೇ ಕೂತಿತ್ತು! ಸುಮಾರು ನಾಲ್ಕೂಕಾಲು ಲಕ್ಷದ ಎಫ್‌ಡಿ.

ಬ್ಯಾಂಕಿನವರೂ ಮೊದಲು ಕೋರ್ಟ್ ಪತ್ರವನ್ನೇ ಕೇಳಿದರು. ರಿಸರ್ವ್ ಬ್ಯಾಂಕಿನ 2025ರ ಸೆಪ್ಟೆಂಬರ್ ನಿರ್ದೇಶನದ ಪ್ರತಿ ಮೇಜಿನ ಮೇಲಿಟ್ಟೆ. ವಾಣಿಜ್ಯ ಬ್ಯಾಂಕಿನಲ್ಲಿ 15 ಲಕ್ಷದವರೆಗೆ, ಉಯಿಲು ಇಲ್ಲದೆ, ತಕರಾರೂ ಇಲ್ಲದಿದ್ದರೆ ಕೋರ್ಟ್ ಬೇಡ, ಜಾಮೀನುದಾರರೂ ಬೇಡ. ಸಹಕಾರಿ ಬ್ಯಾಂಕಾದರೆ ಮಿತಿ 5 ಲಕ್ಷ. ಕ್ಲೇಮ್ ಫಾರ್ಮ್, ಮರಣ ಪತ್ರ, ಕ್ಲೇಮ್ ಮಾಡುವವರ ಗುರುತಿನ ಚೀಟಿ, ವಾರಸುದಾರರ ದಾಖಲೆ, ಮುಂದೆ ಬ್ಯಾಂಕಿಗೆ ನಷ್ಟವಾದರೆ ತುಂಬಿಕೊಡುತ್ತೇವೆ ಎನ್ನುವ ಇಂಡೆಮ್ನಿಟಿ ಬಾಂಡ್, ಹಣ ಬೇಡ ಎನ್ನುವ ವಾರಸುದಾರರ ಒಪ್ಪಿಗೆ ಪತ್ರ, ಇಷ್ಟೇ.

ಅಷ್ಟಾದರೂ ಫೈಲು ವಾಪಸ್ ಬಂತು. ತಪ್ಪು ನನ್ನದೇ. ಆಯಿ, ನಾನು, ತಂಗಿ ಅಂತ ಮೂವರದೇ ಹೆಸರು ಬರೆಸಿದ್ದೆ. ಶಿರಸಿಯಲ್ಲಿ ಚಿಕ್ಕಪ್ಪನ ಮನೆಯಲ್ಲಿರುವ ಅಜ್ಜಿ ನೆನಪೇ ಆಗಿರಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತೀರಿಹೋದ ಗಂಡಸಿನ ತಾಯಿಯೂ ಹೆಂಡತಿ, ಮಕ್ಕಳಷ್ಟೇ ಮೊದಲ ಸಾಲಿನ ವಾರಸುದಾರಳು. ಆದರೆ ಅಪ್ಪನ ಅಪ್ಪ ಬದುಕಿದ್ದರೂ ಆ ಸಾಲಿಗೆ ಬರುತ್ತಿರಲಿಲ್ಲ. ಇದನ್ನು ಎಷ್ಟು ಜನ ಬಲ್ಲರು, ಹೇಳಿ?

ದಾಖಲೆಗೆ ಅಜ್ಜಿಯನ್ನು ಸೇರಿಸಿ, ಒಪ್ಪಿಗೆ ಪತ್ರ ಹಿಡಿದು ಶಿರಸಿ ಬಸ್ ಹತ್ತಿದೆ. "ಮಗನ ದುಡ್ಡು ಯಂಗೆಂತಕ್ಕೋ" ಎಂದು ಅಜ್ಜಿ ಕಣ್ಣೊರೆಸಿಕೊಂಡಳು. ಅಡಿಕೆ ಸುಲಿದು ಸವೆದ ಹೆಬ್ಬೆರಳು, ಮೊದಲ ಗುರುತು ಬರೀ ಮಸಿಯ ಮುದ್ದೆ. ಬೆರಳು ತೊಳೆದು ಒರೆಸಿ ಮೂರನೇ ಸಲ ಒತ್ತಿಸಿದಾಗ ಗೆರೆ ಕಂಡಿತು. ಅಕ್ಕಪಕ್ಕದ ಇಬ್ಬರ ಸಾಕ್ಷಿ ಸಹಿಯನ್ನೂ ಅಲ್ಲೇ ಹಾಕಿಸಿಕೊಂಡೆ.

ದಾಖಲೆ ಪೂರ್ತಿಯಾದ ಮೇಲೆ ಬ್ಯಾಂಕಿಗೆ 15 ದಿನ ಗಡುವು. ಹಾಗಾಗಿ ಕೊಟ್ಟಿದ್ದಕ್ಕೆಲ್ಲ ತಾರೀಖಿನ ಸಮೇತ ರಸೀದಿ ಪಡೆಯಿರಿ. ನನಗೆ ಹಣ ಹನ್ನೊಂದೋ ಹನ್ನೆರಡೋ ದಿನಕ್ಕೆ ಬಂತು. ಅವಧಿಗೆ ಮೊದಲೇ ಮುರಿದರೂ ದಂಡ ಹಿಡಿಯಲಿಲ್ಲ, ಠೇವಣಿದಾರ ತೀರಿಹೋದರೆ ಹಿಡಿಯುವಂತೆಯೂ ಇಲ್ಲ.

ಭಾವ ಈಗ ತಮ್ಮ ಅಪ್ಪನ ಪಾಸ್‌ಬುಕ್ ಹಿಡಿದು ನಮ್ಮನೆಗೆ ಬಂದಿದ್ದಾರೆ.