ಇನ್‌ಸ್ಟಂಟ್ ಕಾಫಿ: ಎಷ್ಟು ಚಮಚ ಹಾಕಬೇಕು? (ನನ್ನ ಅನುಭವ)

ಪುಡಿಯ ಬ್ರ್ಯಾಂಡ್ ಬದಲಾಯಿಸಿದಾಗಿನಿಂದ ಕಾಫಿ ಹದವಾಗುತ್ತಿರಲಿಲ್ಲ. ಬಣ್ಣ ಕಡುಕಪ್ಪು, ಆದರೆ ಬಾಯಿಗೆ ಬರೀ ಕಹಿ. ಕಾಫಿಯ ಘಮ ಇಲ್ಲ. ಅರ್ಧ ಚಮಚ ಹೆಚ್ಚಿಗೆ ಹಾಕಿದೆ, ಕಹಿ ಏರಿತು. ಹಾಲು ಗಟ್ಟಿ ಮಾಡಿದೆ, ರುಚಿ ಇನ್ನೂ ಮುಚ್ಚಿಹೋಯಿತು. ಪುಡಿಯನ್ನು ಹಾಲಲ್ಲೇ ಕುದಿಸಿದ್ದೂ ಪ್ರಯೋಜನವಾಗಲಿಲ್ಲ.

ಕೊನೆಗೆ ಪ್ಯಾಕೆಟ್ಟಿನ ಹಿಂಬದಿ ಓದಿದೆ: ಕಾಫಿ 60, ಚಿಕೋರಿ 40. ಹಳೆಯದು ಶುದ್ಧ ಕಾಫಿ. ಚಿಕೋರಿ ಬಣ್ಣ ಮತ್ತು ಕಹಿ ಕೊಡುತ್ತದೆ, ಕೆಫೀನ್ ಕೊಡುವುದಿಲ್ಲ. ಹಾಗಾಗಿ ಬಣ್ಣ ನೋಡಿ ಸ್ಟ್ರಾಂಗ್ ಎಂದುಕೊಳ್ಳುವುದೇ ತಪ್ಪು.

ಇನ್ನೊಂದು ತೊಡಕು ಚಮಚದ್ದು. ನುಣ್ಣನೆ ಪುಡಿ ಒತ್ತಾಗಿ ಕೂರುತ್ತದೆ, ಹರಳು ಹರಳಾದದ್ದರ ನಡುವೆ ಗಾಳಿ ಇರುತ್ತದೆ. ಚಮಚ ಒಂದೇ, ತೂಕ ಬೇರೆ. ಚಾಕುವಿನ ಬೆನ್ನಿಂದ ಸವರಿ ಹತ್ತು ಮಟ್ಟಚಮಚ ಅಡುಗೆ ತಕ್ಕಡಿಗೆ ಹಾಕಿದೆ. ಹಳೆಯದು 12 ಗ್ರಾಂ, ಹೊಸದು 15, ಗೆಳೆಯ ಕೊಟ್ಟ ಶುದ್ಧ ಕಾಫಿಯ ಹರಳು 9. (ಒಂದೇ ಚಮಚ ತೂಗಿದರೆ ಮನೆ ತಕ್ಕಡಿ ಸರಿಯಾಗಿ ತೋರಿಸದು.)

ನನ್ನ 150 ಎಂ.ಎಲ್. ಲೋಟಕ್ಕೆ 1.8 ಗ್ರಾಂ ಕಾಫಿ ಬೇಕು. ಹಳೆಯದರಲ್ಲಿ ಅದು ಒಂದೂವರೆ ಚಮಚ, ಹರಳಿನಲ್ಲಿ ಎರಡು. ಹೊಸದರ ಚಮಚದಲ್ಲಿರುವ ಕಾಫಿ 0.9 ಗ್ರಾಂ ಮಾತ್ರ. ಲೆಕ್ಕಕ್ಕೆ ಎರಡು ಚಮಚ ಬೇಕು, ಆದರೆ ಜೊತೆಗೆ 1.2 ಗ್ರಾಂ ಚಿಕೋರಿಯೂ ಬರುತ್ತದೆ. ಆ ಕಹಿ ಹೋಗಲು ಹೊಸದು ಒಂದು ಚಮಚ, ಹರಳು ಒಂದು ಚಮಚ ಬೆರೆಸಿದೆ. ಮೊದಲು ಎರಡು ಚಮಚ ಬಿಸಿನೀರಲ್ಲಿ ಗಂಟಿಲ್ಲದಂತೆ ಕದಡಿ, ಆಮೇಲೆ ಹಾಲು. ಘಮ ಬಂತು, ಕಹಿ ಇಳಿಯಿತು.