ಲ್ಯಾಪ್‌ಟಾಪ್ ಡಿಸ್ಕ್ ಚಿಕ್ಕದೇ? ಬೇಕಾದ ಫೋಲ್ಡರ್ ಮಾತ್ರ ಇಟ್ಟುಕೊಳ್ಳಿ

ಸೋಮವಾರಪೇಟೆ ಹತ್ತಿರ ನನ್ನ ಚಿಕ್ಕಮ್ಮನ ಕಾಫಿ ತೋಟ ಇದೆ, ಜೊತೆಗೆ ಎರಡು ಕೋಣೆಯ ಹೋಮ್‌ಸ್ಟೇ. ಅವರ ಲ್ಯಾಪ್‌ಟಾಪ್‌ನ ಡಿಸ್ಕ್ 64 ಜಿಬಿ. ವಿಂಡೋಸ್ ಅದನ್ನು 58 ಜಿಬಿ ಎಂದಷ್ಟೇ ತೋರಿಸುತ್ತದೆ, ಅದರಲ್ಲೂ ಅರ್ಧದಷ್ಟನ್ನು ತಾನೇ ತಿನ್ನುತ್ತದೆ. ಕಡತಗಳೆಲ್ಲ ಒನ್‌ಡ್ರೈವ್‌ನಲ್ಲಿವೆ: ಮಳೆ ಲೆಕ್ಕ, ಆಳುಗಳ ಹಾಜರಿ, ಬುಕಿಂಗ್, ಮತ್ತೆ 41 ಜಿಬಿ ಫೋಟೋ. ಉಚಿತವಾಗಿ ಸಿಗುವುದು 5 ಜಿಬಿ ಮಾತ್ರ, ಹಾಗಾಗಿ ಅವರು ದುಡ್ಡು ಕೊಟ್ಟು 100 ಜಿಬಿ ತೆಗೆದುಕೊಂಡಿದ್ದಾರೆ.

ಜುಲೈನಲ್ಲಿ ಒಂದು ದಿನ ಬೆಳಿಗ್ಗೆಯಿಂದ ಕರೆಂಟ್ ಇಲ್ಲ, ಮಧ್ಯಾಹ್ನಕ್ಕೆ ಟವರ್ ಕೂಡ ಹೋಯಿತು. ಚಿಕ್ಕಮ್ಮ ಆ ದಿನದ ಮಳೆ ಬರೆಯೋಣ ಅಂತ ಲ್ಯಾಪ್‌ಟಾಪ್ ತೆರೆದರೆ ‘ಮಳೆ ಲೆಕ್ಕ’ ಕಡತ ತೆರೆಯಲೇ ಇಲ್ಲ. ಡಿಸ್ಕ್ ಮಾತ್ರ ತುಂಬಿ ಕೆಂಪಾಗಿತ್ತು.

ಕಾರಣ ಇಷ್ಟೇ. ಈಗಿನ ವಿಂಡೋಸ್‌ನಲ್ಲಿ ಒನ್‌ಡ್ರೈವ್ ಮೊದಲು ಕಡತದ ಹೆಸರನ್ನಷ್ಟೇ ತೋರಿಸುತ್ತದೆ. ನೀವು ತೆರೆದಾಗ ಕಡತ ನೆಟ್‌ನಿಂದ ಇಳಿಯುತ್ತದೆ, ಇಳಿದದ್ದು ಅಲ್ಲೇ ಉಳಿಯುತ್ತದೆ. ಅತಿಥಿಗಳಿಗೆ ತೋರಿಸಿದ ಫೋಟೋಗಳೆಲ್ಲ ಹೀಗೇ ಇಳಿದು ಕೂತಿದ್ದವು. ಈ ಲ್ಯಾಪ್‌ಟಾಪ್‌ನಲ್ಲಿ ಒಮ್ಮೆಯೂ ತೆರೆಯದ ಮಳೆ ಲೆಕ್ಕ ಬರೀ ಹೆಸರಾಗಿ ಉಳಿದಿತ್ತು.

ಇದನ್ನು ಸರಿಮಾಡಲು ಎರಡು ಕೆಲಸ ಇದೆ. ಬೇಡದ್ದನ್ನು ಈ ಯಂತ್ರದಿಂದ ಹೊರಗಿಡಬೇಕು, ಬೇಕಾದ್ದನ್ನು ಖಚಿತವಾಗಿ ಇಳಿಸಿಕೊಳ್ಳಬೇಕು. ಜನ ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆಯುತ್ತಾರೆ.

ಶುರು ಮಾಡುವ ಮುಂಚೆ, ಪರದೆಯ ಕೆಳಗೆ ಬಲಮೂಲೆಯಲ್ಲಿರುವ ಮೋಡದ ಗುರುತನ್ನು ಒತ್ತಿ. ಅಪ್‌ಲೋಡ್ ಇನ್ನೂ ನಡೆಯುತ್ತಿದ್ದರೆ ಮುಗಿಯುವವರೆಗೆ ಕಾಯಿರಿ. ಆಮೇಲೆ onedrive.live.com ತೆರೆದು ಫೋಟೋಗಳು ಅಲ್ಲಿ ಇವೆಯಾ ಅಂತ ಕಣ್ಣಾರೆ ನೋಡಿ.

ಈಗ ಅದೇ ಮೋಡದ ಗುರುತು ಒತ್ತಿ, ಹಲ್ಲುಚಕ್ರದ ಚಿತ್ರದಿಂದ Settings ಗೆ ಹೋಗಿ. ಎಡಗಡೆ Account, ಅದರಲ್ಲಿ Choose folders. ಫೋಲ್ಡರ್‌ಗಳ ಪಟ್ಟಿ ಬರುತ್ತದೆ. ‘ಫೋಟೋ’ ಮುಂದಿನ ಟಿಕ್ ತೆಗೆದು OK ಒತ್ತಿ. ಆ ಫೋಲ್ಡರ್ ಲ್ಯಾಪ್‌ಟಾಪ್‌ನಿಂದ ಮಾಯವಾಗುತ್ತದೆ. ಹೆದರಬೇಡಿ, ನೆಟ್‌ನಲ್ಲಿ ಮತ್ತು ಫೋನಿನ ಒನ್‌ಡ್ರೈವ್‌ನಲ್ಲಿ ಹಾಗೇ ಇರುತ್ತದೆ. ಈ ಆಯ್ಕೆ ಈ ಒಂದು ಯಂತ್ರಕ್ಕೆ ಮಾತ್ರ. ಮನೆಯ ಇನ್ನೊಂದು ಕಂಪ್ಯೂಟರಿನಲ್ಲಿ ಏನೂ ಬದಲಾಗುವುದಿಲ್ಲ. ಬೇಕೆನಿಸಿದಾಗ ಮತ್ತೆ ಟಿಕ್ ಹಾಕಿದರೆ ವಾಪಸ್ ಬರುತ್ತದೆ.

ದಯವಿಟ್ಟು ಫೋಲ್ಡರನ್ನು ಡಿಲೀಟ್ ಮಾಡಿ ಜಾಗ ಖಾಲಿ ಮಾಡಲು ಹೋಗಬೇಡಿ. ಟಿಕ್ ತೆಗೆಯುವುದೇ ಬೇರೆ, ಡಿಲೀಟ್ ಮಾಡುವುದೇ ಬೇರೆ. ಡಿಲೀಟ್ ಮಾಡಿದರೆ ನೆಟ್‌ನಿಂದಲೂ ಹೋಗುತ್ತದೆ, ಉಳಿದ ಎಲ್ಲ ಯಂತ್ರಗಳಿಂದಲೂ ಹೋಗುತ್ತದೆ. ಚಿಕ್ಕಮ್ಮ ಹಾಗೇ ಮಗಳ ಮದುವೆ ಫೋಟೋ ಕಳೆದುಕೊಂಡಿದ್ದರು. ಎರಡೇ ದಿನಕ್ಕೆ ಗೊತ್ತಾಯಿತು, ಒನ್‌ಡ್ರೈವ್ ವೆಬ್‌ಸೈಟಿನ Recycle bin ನಲ್ಲಿ ಸಿಕ್ಕವು. ವೈಯಕ್ತಿಕ ಖಾತೆಯಲ್ಲಿ ಅಲ್ಲಿ 30 ದಿನ ಇರುತ್ತವೆ, ಆಮೇಲೆ ಇಲ್ಲ.

ಇನ್ನು ಎರಡನೇ ಕೆಲಸ. Choose folders ನಲ್ಲಿ ಟಿಕ್ ಇದೆ ಅಂದ ಮಾತ್ರಕ್ಕೆ ಕಡತ ಡಿಸ್ಕ್‌ನಲ್ಲಿದೆ ಅಂತ ಅಲ್ಲ, ಕಣ್ಣಿಗೆ ಕಾಣುತ್ತದೆ ಅಂತ ಅಷ್ಟೇ. ಆದ್ದರಿಂದ ‘ಮಳೆ ಲೆಕ್ಕ’, ‘ಹಾಜರಿ’, ‘ಬುಕಿಂಗ್’ ಒಂದೊಂದರ ಮೇಲೂ ಮೌಸ್‌ನ ಬಲಗುಂಡಿ ಒತ್ತಿ Always keep on this device ಆರಿಸಿ. ಇಳಿದು ಮುಗಿದ ಮೇಲೆ ತುಂಬಿದ ಹಸಿರು ವೃತ್ತದೊಳಗೆ ಬಿಳಿ ಟಿಕ್ ಬರುತ್ತದೆ. ನೀಲಿ ಮೋಡ ಇದ್ದರೆ ಅದು ಇನ್ನೂ ನೆಟ್‌ನಲ್ಲೇ ಇದೆ.

ಅನುಮಾನ ಬಂದರೆ ಫೋಲ್ಡರಿನ Properties ನೋಡಿ. ಅಲ್ಲಿ Size ಮತ್ತು Size on disk ಅಂತ ಎರಡು ಸಾಲು ಇವೆ. ಮೊದಲನೆಯದು ಕಡತಗಳ ನಿಜವಾದ ಗಾತ್ರ, ಎರಡನೆಯದು ನಿಮ್ಮ ಡಿಸ್ಕ್‌ನಲ್ಲಿ ಹಿಡಿದಿರುವ ಜಾಗ. ಎರಡನೆಯದು ಸೊನ್ನೆ ಇದ್ದರೆ ನಿಮ್ಮ ಹತ್ತಿರ ಇರುವುದು ಬರೀ ಹೆಸರು. ಚಿಕ್ಕಮ್ಮನ ಮೂರು ಫೋಲ್ಡರ್ ಪೂರ್ತಿ ಇಳಿದ ಮೇಲೂ 2 ಜಿಬಿ ದಾಟಲಿಲ್ಲ. ಫೋಟೋ ತೆಗೆದ ಮೇಲೆ 17 ಜಿಬಿ ಖಾಲಿಯಾಯಿತು.

ಒಂದು ತೊಂದರೆ ಇದ್ದೇ ಇದೆ. ಟಿಕ್ ತೆಗೆದ ಫೋಲ್ಡರ್ ಲ್ಯಾಪ್‌ಟಾಪ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ. ಇಲ್ಲ ಅಂದುಕೊಂಡು ಅದೇ ಜಾಗದಲ್ಲಿ ‘ಫೋಟೋ’ ಅಂತ ಹೊಸದು ಮಾಡಬೇಡಿ, ಒಂದೇ ಹೆಸರಿನ ಎರಡು ಸೇರಿ ಗೊಂದಲ ಆಗುತ್ತದೆ. ಚಿಕ್ಕಮ್ಮ ಹೊರಗಿಟ್ಟ ಫೋಲ್ಡರ್‌ಗಳ ಹೆಸರನ್ನು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪ್‌ಗೆ ಅಂಟಿಸಿದ್ದಾರೆ.

ಕೊನೆಗೆ ವೈಫೈ ಆಫ್ ಮಾಡಿ ಪರೀಕ್ಷೆ ಮಾಡಿದೆವು. ‘ಮಳೆ ಲೆಕ್ಕ’ ತಕ್ಷಣ ತೆರೆಯಿತು. ಚಿಕ್ಕಮ್ಮ ಆ ದಿನದ 2 ಇಂಚು 40 ಸೆಂಟ್ಸ್ ಬರೆದು ಸೇವ್ ಮಾಡಿದರು. ಸಂಜೆ ನೆಟ್ ಬಂದ ಮೇಲೆ ಅದು ತಾನಾಗಿ ಮೇಲೆ ಹೋಯಿತು.