ವೀಸಾ ಅರ್ಜಿಗೆ ಯಾವ ಬ್ಯಾಂಕ್ ಸ್ಟೇಟ್‌ಮೆಂಟ್? ನನ್ನ ಅನುಭವ

ನನ್ನ ವೀಸಾ ಅರ್ಜಿ ಎರಡು ಸಲ ವಾಪಸಾಯಿತು. ಎರಡು ಸಲವೂ ತಕರಾರು ಬ್ಯಾಂಕ್ ಸ್ಟೇಟ್‌ಮೆಂಟಿನದು.

ಮೊದಲು ಕೊಟ್ಟದ್ದು ಎಟಿಎಂನ ಮಿನಿ ಸ್ಟೇಟ್‌ಮೆಂಟ್. ಕೊನೆಯ ಕೆಲವೇ ವ್ಯವಹಾರಗಳಿರುವ ಆ ಚೀಟಿ ಸಂಬಳ ಜಮೆಯಾಯಿತೇ ಎಂದು ನೋಡಿಕೊಳ್ಳಲು ಸಾಕು, ದಾಖಲೆಯಾಗದು. ನಂತರ ಆ್ಯಪ್‌ನಿಂದ ಆರು ತಿಂಗಳ ಪೂರ್ಣ ಸ್ಟೇಟ್‌ಮೆಂಟ್ ಮುದ್ರಿಸಿ ಕೊಟ್ಟೆ. ಸ್ವಂತ ಲೆಕ್ಕಕ್ಕೆ, ತೆರಿಗೆ ಲೆಕ್ಕಕ್ಕೆ ಅದು ಸರಿ. ಇಲ್ಲಿ ಬ್ಯಾಂಕಿನ ಮೊಹರಿಲ್ಲವೆಂದು ತಳ್ಳಿದರು. ನಾನೇ ಸಹಿ ಹಾಕಿದ್ದೂ ವ್ಯರ್ಥ.

ಕೊನೆಗೆ ಕೆಲಸವಾದದ್ದು ದೃಢೀಕೃತ ಸ್ಟೇಟ್‌ಮೆಂಟಿನಿಂದ. ಶಾಖೆಗೆ ಕೊಟ್ಟ ಅರ್ಜಿಯಲ್ಲಿ ಖಾತೆ ಸಂಖ್ಯೆ, ಆರಂಭ ಮತ್ತು ಕೊನೆಯ ದಿನಾಂಕ, ಉದ್ದೇಶ, ‘ಪ್ರತಿ ಪುಟಕ್ಕೂ ಮೊಹರು, ಸಹಿ ಬೇಕು’ ಎಂದು ಬರೆದೆ. ಈ ಕೊನೆಯ ಸಾಲು ಬಿಟ್ಟರೆ ಮೊದಲ ಪುಟಕ್ಕೆ ಮಾತ್ರ ಮೊಹರು ಬೀಳಬಹುದು. ಕೌಂಟರಿನಲ್ಲೇ ನಿಂತು, ಒಂದು ಪುಟದ ಕೊನೆಯ ಬಾಕಿಯೇ ಮುಂದಿನ ಪುಟದ ಆರಂಭದಲ್ಲಿದೆಯೇ, ಹೆಸರು ಪಾಸ್‌ಪೋರ್ಟಿನಂತೆಯೇ ಇದೆಯೇ ಎಂದು ನೋಡಿಕೊಂಡೆ.